ಲೈವ್‌ನಲ್ಲಿ ಬುಕ್ ಆದ ಸೀರೆ ಮಾರಿದ ಸೀರೆಯಲ್ಲ

ಶಿರಸಿಯ ನಮ್ಮ ಸೀರೆ ಅಂಗಡಿಯಿಂದ ನಾನು ಪ್ರತಿ ಗುರುವಾರ ಸಂಜೆ ಫೋನಿನಲ್ಲಿ ಸೀರೆ ತೋರಿಸಿ ಮಾರುವ ಲೈವ್ ಮಾಡತೊಡಗಿದಾಗ, ಗಲ್ಲೆಯಲ್ಲಿ ಕೂರುವ ಭಾವನವರು ಕೇಳಿದ್ದು ಒಂದೇ ಪ್ರಶ್ನೆ: “ಬುಕ್ ಆದದ್ದೆಷ್ಟು ಬೇಡ, ದುಡ್ಡು ಬಂದದ್ದೆಷ್ಟು?” ಆಗ ಸಿಟ್ಟು ಬಂದಿತ್ತು, ನಾಲ್ಕು ತಿಂಗಳ ನಂತರ ಲೆಕ್ಕ ಬರೆದು ನೋಡಿದಾಗ ಅವರ ಮಾತೇ ನಿಜವಾಗಿತ್ತು.

ಆ ದಿನಗಳಲ್ಲಿ ಕಾಮೆಂಟಿನಲ್ಲಿ ಸೀರೆಯ ನಂಬರ್ ಹಾಕಿದವರಿಗೆಲ್ಲ ಕ್ಯಾಶ್ ಆನ್ ಡೆಲಿವರಿಯಲ್ಲಿ ಕಳಿಸುತ್ತಿದ್ದೆ. ಒಂದು ವಾರ ಕಳಿಸಿದ ಸುಮಾರು 28 ಸೀರೆಗಳಲ್ಲಿ 11 ಮರಳಿ ಬಂದವು. ಕೆಲವರು ಬಾಗಿಲಲ್ಲೇ ಬೇಡವೆಂದಿದ್ದರು, ಕೆಲವರು ಫೋನನ್ನೇ ಎತ್ತಿರಲಿಲ್ಲ. ಉಳಿದ 17ಕ್ಕೆ ಸೀರೆಗೆ 300ರಂತೆ 5,100 ರೂಪಾಯಿ ಲಾಭ ಬಂದರೂ, ಹೋಗಿಬರುವ ಕೊರಿಯರ್, ಪ್ಯಾಕಿಂಗ್, ಸೀರೆ ಎತ್ತಿಕೊಡುವ ಹುಡುಗಿಯ ಸಂಬಳ ಕಳೆದ ಮೇಲೆ 500 ರೂಪಾಯಿಯೂ ಕೈಯಲ್ಲಿ ಉಳಿಯಲಿಲ್ಲ. ಮರಳಿದ ಸೀರೆಗಳ ಮಡಿಕೆ ಮುರಿದಿದ್ದು ಬೇರೆ.

ಈಗ ಹದಿನೈದು ನಿಮಿಷದೊಳಗೆ ಯುಪಿಐಯಲ್ಲಿ ಪೂರ್ತಿ ಹಣ ಹಾಕದವರ ಸೀರೆಯನ್ನು ಲೈವ್‌ನಲ್ಲೇ ಮುಂದಿನವರಿಗೆ ಬಿಟ್ಟುಕೊಡುತ್ತೇನೆ. ಗಿರಾಕಿಗಳು ಓಡಿಹೋಗುತ್ತಾರೆಂದು ಪರಿಚಿತ ವ್ಯಾಪಾರಿಗಳೆಲ್ಲ ಹೆದರಿಸಿದ್ದರು. ಬುಕಿಂಗ್ 30ರಿಂದ 16ಕ್ಕೆ ಇಳಿದದ್ದು ನಿಜ, ಆದರೆ ಆ 16 ಸೀರೆಗಳಲ್ಲಿ ಮರಳಿದ್ದು ನೇಯ್ಗೆಯ ದೋಷವಿದ್ದ ಒಂದೇ ಒಂದು.

ನಡುವೆ ಬಣ್ಣದ ತಕರಾರೂ ಕಾಡಿತು. ರಿಂಗ್ ಲೈಟಿನಡಿ ಹಿಡಿದ ಮರೂನ್ ಇಳಕಲ್ ಸೀರೆ ಫೋನಿನಲ್ಲಿ ಅಚ್ಚ ಕೆಂಪಾಗಿ ಕಾಣುತ್ತಿತ್ತು. ಎರಡು ಬಲ್ಬು ಬದಲಿಸಿ ಹಣ ಕಳೆದುಕೊಂಡ ಮೇಲೆ, ಮಧ್ಯಾಹ್ನ ಜಗಲಿಯ ಬೆಳಕಿನಲ್ಲಿ ತೆಗೆದ ಫೋಟೋವನ್ನು ಹಣ ಹಾಕುವ ಮೊದಲೇ ವಾಟ್ಸಾಪಿನಲ್ಲಿ ಕಳಿಸುವ ರೂಢಿ ಮಾಡಿಕೊಂಡೆ. ಆ ತಕರಾರು ಅಲ್ಲಿಗೆ ನಿಂತಿತು.

ಇತ್ತೀಚಿನ ಒಂದು ಗುರುವಾರ 15 ಸೀರೆ ಮರಳದೆ ಗಿರಾಕಿಗಳಲ್ಲೇ ನಿಂತು 4,500 ಲಾಭ ಬಂತು, ಖರ್ಚು 2,000 ಆಯಿತು. ಉಳಿದ 2,500 ಪೂರ್ತಿ ಲೈವ್‌ನ ಗಳಿಕೆಯೆಂದು ನಾನು ಬರೆದುಕೊಳ್ಳಲಿಲ್ಲ, ಏಕೆಂದರೆ ಕೊಂಡವರಲ್ಲಿ ಐವರು ಹೇಗೂ ಅಂಗಡಿಗೆ ಬಂದು ಒಯ್ಯುವ ಹಳೆಯ ಗಿರಾಕಿಗಳು. ಅವರಿಂದ ಕೊರಿಯರಿನ ಗೊಡವೆಯಿಲ್ಲದೆ ಬರುತ್ತಿದ್ದ 1,500 ಕಳೆದರೆ ಲೈವ್ ಹೊಸದಾಗಿ ತಂದದ್ದು 1,000 ರೂಪಾಯಿ, ಅದೂ ತಯಾರಿ, ಪ್ಯಾಕಿಂಗ್ ಸೇರಿ ಐದೂವರೆ ಗಂಟೆಯ ದುಡಿಮೆಗೆ. ಮಳೆಗಾಲದ ಸಂಜೆ ಅಂಗಡಿಯಲ್ಲಿ ಅಷ್ಟೂ ಹುಟ್ಟುವುದಿಲ್ಲವಾದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಪ್ಪದೆ ಲೈವ್ ಮಾಡುತ್ತೇನೆ; ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಮಾತ್ರ ಲೈವ್‌ನ ಫೋನ್ ಸ್ಟ್ಯಾಂಡನ್ನು ಅಟ್ಟಕ್ಕೇರಿಸಿ ಭಾವನವರ ಜೊತೆ ಗಲ್ಲೆಯ ಬದಿಗೆ ನಿಲ್ಲುತ್ತೇನೆ.