ಯಾವ ಟೆಸ್ಟ್ ಎಂದು ಕೇಳುವ ಮುನ್ನ ಒಬ್ಬ ರೈತನ ಸಾಲು ಬರೆಯಿರಿ

“ಸಾರ್, ಮೂರು ತಾಲ್ಲೂಕು ತಗೊಂಡಿದೀನಿ, ಯಾವ ಟೆಸ್ಟ್ ಹಾಕ್ಲಿ?” ಚಿಕ್ಕಬಳ್ಳಾಪುರದ ಕಡೆ ರೇಷ್ಮೆ ಮೇಲೆ ಪ್ರಾಜೆಕ್ಟ್ ಮಾಡುವ ಮಕ್ಕಳು ಪ್ರತಿ ವರ್ಷ ಕೇಳುವ ಪ್ರಶ್ನೆ ಇದು. ಮೊದಲೆಲ್ಲ ಇದಕ್ಕೆ ಬಾಣದ ಗುರುತಿನ ದೊಡ್ಡ ಚಾರ್ಟ್ ಕೊಡುತ್ತಿದ್ದೆವು. ಚಾರ್ಟ್ ಬಾಯಿಪಾಠವಾಗುತ್ತಿತ್ತು, ಟೆಸ್ಟ್ ಮಾತ್ರ ತಪ್ಪೇ ಬರುತ್ತಿತ್ತು. ಈಗ ನಾನು ಕೇಳುವುದು ಒಂದೇ: “ಒಬ್ಬ ರೈತನ ಹತ್ರ ಹೋಗಿ ಉತ್ತರದ ಕಾಲಮ್ಮಿನಲ್ಲಿ ಏನು ಬರ್ಕೊಂಡು ಬಂದೆ? ಆ ಒಂದು ಸಾಲನ್ನ ಬೋರ್ಡ್ ಮೇಲೆ ಬರಿ.” ಇಷ್ಟರಿಂದ ಆಗುವ ಕೆಲಸವಲ್ಲ ಎಂದು ಜೊತೆಯ ಅಧ್ಯಾಪಕರು ಹೇಳಿದ್ದರು. ಕಳೆದ ಬ್ಯಾಚಿನ ನಲವತ್ತು ಚಿಲ್ಲರೆ ಪ್ರಾಜೆಕ್ಟುಗಳಲ್ಲಿ ಟೆಸ್ಟ್ ತಪ್ಪಿದ್ದು ಮೂರೋ ನಾಲ್ಕೋ ಇರಬಹುದು. ಈಗ ಅವರೂ ಇದನ್ನೇ ಕೇಳುತ್ತಿದ್ದಾರೆ.

ಆ ಸಾಲಿನಲ್ಲಿ “ಶಿಡ್ಲಘಟ್ಟ, 72 ಕೆಜಿ” ಎಂದಿದ್ದರೆ ಉತ್ತರ ಅಳತೆ. ಅದಕ್ಕೆ ಸರಾಸರಿ ತೆಗೆಯಬಹುದು. ಗುಂಪು ಎರಡಿದ್ದರೆ ಟಿ-ಟೆಸ್ಟ್, ಮೂರು ಅಥವಾ ಹೆಚ್ಚಿದ್ದರೆ ಅನೋವಾ. “ಎಳೆ ಹುಳು ಸಾಕಿ ಕೊಡುವ ಚಾಕಿ ಕೇಂದ್ರದ ಹುಳು, ರೋಗ ಬಂತು” ಎಂದಿದ್ದರೆ ಉತ್ತರ ಹಣೆಪಟ್ಟಿ. ಎಣಿಸಬಹುದೇ ಹೊರತು ಸರಾಸರಿ ಮಾಡಲಾಗದು. ಅಲ್ಲಿ ಕೈ-ಸ್ಕ್ವೇರ್. ‘ಹೌದು’ಗೆ 1, ‘ಇಲ್ಲ’ಕ್ಕೆ 2 ಎಂದು ಕೋಡ್ ಕೊಟ್ಟ ಮೇಲೆ ಮಕ್ಕಳು ಎಡವುವುದು ಇಲ್ಲೇ. ಶೀಟಿನಲ್ಲಿ ಅಂಕಿ ಕಾಣುತ್ತದೆ, ಸಾಫ್ಟ್‌ವೇರ್ ಕೂಡ ತಕರಾರಿಲ್ಲದೆ 1.4 ಎಂದು ಸರಾಸರಿ ಕೊಟ್ಟುಬಿಡುತ್ತದೆ. ಸಾಲನ್ನು ಕೋಡ್ ಇಲ್ಲದೆ ಮಾತಿನಲ್ಲಿ ಬರೆಸಬೇಕು ಎನ್ನುವುದು ಅದಕ್ಕೇ.

ಅತಿ ಹೆಚ್ಚು ಅಂಕ ಹೋಗುವ ಜಾಗ ಮೂರು ಗುಂಪಿನದು. ಲೆಕ್ಕ ತೋರಿಸಲೆಂದೇ ನಾನು ಕಟ್ಟಿದ ಅಂಕಿ ಇವು, ಸಮೀಕ್ಷೆಯವಲ್ಲ. 100 ಚಿಟ್ಟೆ ಇಟ್ಟ ಮೊಟ್ಟೆಗೆ ಬಂದ ಗೂಡು, ಕೆಜಿಯಲ್ಲಿ, ತಾಲ್ಲೂಕಿಗೆ ಐದೈದು ರೈತರು:

```
ಶಿಡ್ಲಘಟ್ಟ    72 68 75 70 65   ಸರಾಸರಿ 70
ಚಿಂತಾಮಣಿ    66 62 69 64 59   ಸರಾಸರಿ 64
ಗೌರಿಬಿದನೂರು  68 64 71 66 61   ಸರಾಸರಿ 66
```

ಟಿ-ಟೆಸ್ಟ್ ಚೆನ್ನಾಗಿ ಬರುವ ಹುಡುಗ ಏನು ಮಾಡುತ್ತಾನೆಂದರೆ, ಎರಡೆರಡು ತಾಲ್ಲೂಕಿನ ಜೋಡಿ ಮಾಡಿ ಮೂರು ಸಲ ಟಿ-ಟೆಸ್ಟ್ ಹಾಕುತ್ತಾನೆ. ಶಿಡ್ಲಘಟ್ಟ ಮತ್ತು ಚಿಂತಾಮಣಿಗೆ ವ್ಯತ್ಯಾಸ 6, ಸ್ಟ್ಯಾಂಡರ್ಡ್ ಎರರ್ 2.41, ಟಿ 2.49. ಡಿಗ್ರಿ ಆಫ್ ಫ್ರೀಡಂ 8ಕ್ಕೆ ಟೇಬಲ್ ಮೌಲ್ಯ 2.306. ದಾಟಿತು! ಉಳಿದೆರಡು ಜೋಡಿ ದಾಟುವುದಿಲ್ಲ. “ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ಇಳುವರಿಯಲ್ಲಿ ಸಿಗ್ನಿಫಿಕೆಂಟ್ ವ್ಯತ್ಯಾಸವಿದೆ” ಎಂದು ಬರೆದು ಮುಗಿಸುತ್ತಾನೆ.

ಅದೇ ಅಂಕಿಗೆ ಅನೋವಾ ಹಾಕಿ ನೋಡಿ. ಪ್ರತಿ ಗುಂಪಿನ ಒಳಗಿನ ವರ್ಗಮೊತ್ತ 58, ಮೂರೂ ಸೇರಿ 174. ಅದನ್ನು 12ರಿಂದ ಭಾಗಿಸಿದರೆ 14.5. ಗುಂಪುಗಳ ನಡುವಿನ ವರ್ಗಮೊತ್ತ 93.33, 2ರಿಂದ ಭಾಗಿಸಿದರೆ 46.67. ಎಫ್ ಸುಮಾರು 3.22. ಟೇಬಲ್ಲಿನಲ್ಲಿ 2 ಮತ್ತು 12ಕ್ಕೆ ಇರುವುದು 3.89. ದಾಟಲಿಲ್ಲ, ಪಿ-ಮೌಲ್ಯ 0.076. ಅಂಕಿ ಒಂದೇ, ತೀರ್ಮಾನ ಎರಡು.

ಹೀಗಾಗುವುದಕ್ಕೆ ಕಾರಣವಿದೆ. ಒಂದು ಟೆಸ್ಟಿಗೆ 5% ತಪ್ಪು ಒಪ್ಪಿಕೊಂಡು ಮೂರು ಸಲ ಪ್ರಯತ್ನಿಸಿದರೆ, ಎಲ್ಲಾದರೂ ಒಂದು ಕಡೆ ಇಲ್ಲದ ವ್ಯತ್ಯಾಸ ಕಾಣಿಸುವ ಸಂಭವ 5%ಕ್ಕೆ ನಿಲ್ಲುವುದಿಲ್ಲ. ಮೂರೂ ಒಂದಕ್ಕೊಂದು ಸಂಬಂಧವಿಲ್ಲದವು ಎಂದಿಟ್ಟುಕೊಂಡರೆ 14% ದಾಟುತ್ತದೆ. ಆಮೇಲೆ ಮೂರು ಜೋಡಿಯಲ್ಲಿ ಅತಿ ದೂರದ್ದನ್ನೇ ಹೆಕ್ಕಿ ತೋರಿಸಿದ್ದೂ ಆಯಿತು. ಅನೋವಾ ಹಾಗೆ ಹೆಕ್ಕುವುದಿಲ್ಲ, ಮೂರನ್ನೂ ಒಟ್ಟಿಗೆ ತೂಗುತ್ತದೆ. ಎಲ್ಲ ಜೋಡಿಗಳನ್ನೂ ಒಟ್ಟಿಗೆ ಹೋಲಿಸುವ ಟ್ಯೂಕಿ ಲೆಕ್ಕ ಮಾಡಿದರೂ ಇಲ್ಲಿ ಕನಿಷ್ಠ 6.4 ಕೆಜಿ ಅಂತರ ಬೇಕು, ನಮ್ಮಲ್ಲಿರುವುದು 6. ಟಿ-ಟೆಸ್ಟ್ ದಾಟುವಂತೆ, ಅನೋವಾ ಕೂದಲೆಳೆಯಲ್ಲಿ ನಿಲ್ಲುವಂತೆ ಅಂಕಿ ಹೊಂದಿಸುವ ಬಗೆಯನ್ನು ನಾನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಮುಂದಿನ ಇಂಟರ್ನಲ್ಸ್‌ಗೆ ಬೇಕು.

ಇದೇ ಅಂಕಿಯಲ್ಲಿ ಇನ್ನೊಂದನ್ನು ಮಾಡಿಸಿ, ಮಕ್ಕಳ ಮುಖ ಅರಳುತ್ತದೆ. ಗೌರಿಬಿದನೂರನ್ನು ಬಿಟ್ಟು ಎರಡೇ ತಾಲ್ಲೂಕಿಗೆ ಅನೋವಾ ಹಾಕಿದರೆ ಎಫ್ 90ನ್ನು 14.5ರಿಂದ ಭಾಗಿಸಿದಷ್ಟು, ಅಂದರೆ 6.21. ಟಿಯ 2.491ನ್ನು ಅದರಿಂದಲೇ ಗುಣಿಸಿದರೂ 6.21. ಎರಡು ಗುಂಪಿಗೆ ಎರಡೂ ಒಂದೇ ಲೆಕ್ಕ. ಆದರೆ ಇದು ಸಮಾನ ವೇರಿಯನ್ಸ್ ಹಿಡಿದ ಟಿ-ಟೆಸ್ಟಿಗೆ ಸಲ್ಲುವ ಮಾತು. ಎಕ್ಸೆಲ್‌ನಲ್ಲಿ `T.TEST`ನ ಕೊನೆಯ ಅಂಕಿ 2 ಇರಬೇಕು. ಅಲ್ಲಿ 1 ಹಾಕಿದರೆ ಜೋಡಿ ಟಿ-ಟೆಸ್ಟ್ ಆಗುತ್ತದೆ, ಅದು ಒಬ್ಬನೇ ರೈತನ ಹಿಂದಿನ ಬೆಳೆ, ಈ ಬೆಳೆ ಎರಡನ್ನೂ ಬರೆದುಕೊಂಡಾಗ ಮಾತ್ರ.

ಕೈ-ಸ್ಕ್ವೇರ್‌ಗೆ ಬರೋಣ. 60 ರೈತರು ಚಾಕಿ ಕೇಂದ್ರದ ಹುಳು ತಂದವರು, ಅವರಲ್ಲಿ 12 ಮಂದಿಗೆ ಹಾಲುತೊಂಡೆ ರೋಗ ಬಂತು. 40 ಮಂದಿ ಮನೆಯಲ್ಲೇ ಚಾಕಿ ಮಾಡಿದವರು, 16 ಮಂದಿಗೆ ಬಂತು. ಇವೂ ಪಾಠದ ಅಂಕಿಯೇ. ನಿರೀಕ್ಷಿತ ಸಂಖ್ಯೆಗಳು 16.8, 43.2, 11.2, 28.8. ಕೈ-ಸ್ಕ್ವೇರ್ 4.76, ಟೇಬಲ್ಲಿನ 3.84ನ್ನು ದಾಟುತ್ತದೆ.

ಇಲ್ಲಿ ಪದೇ ಪದೇ ನೋಡುವ ತಪ್ಪು ಶೇಕಡಾವಾರು ತುಂಬುವುದು. ಪೈ ಚಾರ್ಟಿಗೆಂದು ಮಾಡಿಟ್ಟ 20, 80 ಮತ್ತು 40, 60ನ್ನೇ ಪಟ್ಟಿಗೂ ಹಾಕುತ್ತಾರೆ. ಆಗ 9.52 ಬರುತ್ತದೆ, ಸರಿಯಾದದ್ದರ ಎರಡು ಪಟ್ಟು. 100 ರೈತರ ಸಮೀಕ್ಷೆ 200 ಜನರದ್ದಾಗಿಹೋಯಿತು. ಪತ್ತೆ ಮಾಡುವುದು ಸುಲಭ: ಪಟ್ಟಿಯ ಮೂಲೆಯ ಒಟ್ಟು ಮೊತ್ತ ಉತ್ತರಿಸಿದವರ ಸಂಖ್ಯೆಗೆ ಸರಿಯಾಗಿ ಕೂಡಬೇಕು. ಅಂಗಡಿಯಲ್ಲಿ ಎರಡು ಸಾವಿರದ ಹತ್ತಿರ ಕೊಟ್ಟು ವಿಶ್ಲೇಷಣೆ ಮಾಡಿಸಿಕೊಂಡು ಬಂದ ವರದಿಗಳಲ್ಲೂ ಇದೇ ತಪ್ಪು ಇತ್ತು. ಮತ್ತೆ ಪ್ರಿಂಟು, ಮತ್ತೆ ಬೈಂಡಿಂಗು, ಇನ್ನೊಂದು ಐನೂರು ಆರುನೂರು ಹೋಯಿತು. ಹುಡುಗರ ಆ ದುಡ್ಡು ನೆನೆದರೆ ಸಂಕಟವಾಗುತ್ತದೆ, ಎಕ್ಸೆಲ್‌ನಲ್ಲಿ ಹತ್ತು ನಿಮಿಷದ ಕೆಲಸ.

ಇನ್ನೊಂದು ತೊಡಕು, ಇದು ಅಧ್ಯಾಪಕರನ್ನೂ ಹಿಡಿಯುತ್ತದೆ. ಒಬ್ಬಳು ಎಕ್ಸೆಲ್‌ನಲ್ಲಿ `CHISQ.TEST` ಹಾಕಿದಳು, ಪಿ 0.029. ಇನ್ನೊಬ್ಬಳು ಅದೇ ಪಟ್ಟಿಯನ್ನು ಆರ್‌ನಲ್ಲಿ ಹಾಕಿದಳು, ಪಿ 0.0506. ಒಬ್ಬಳದ್ದು ಸಿಗ್ನಿಫಿಕೆಂಟ್, ಇನ್ನೊಬ್ಬಳದ್ದು ಅಲ್ಲ. ಇಬ್ಬರ ಟೈಪಿಂಗೂ ಸರಿಯಿದೆ. ಎರಡು ಸಾಲು ಎರಡು ಕಾಲಮ್ಮಿನ ಪಟ್ಟಿ ಸಿಕ್ಕರೆ ಆರ್ ತಾನಾಗಿಯೇ ಯೇಟ್ಸ್ ತಿದ್ದುಪಡಿ ಸೇರಿಸುತ್ತದೆ: ಇಲ್ಲಿ 4.8ರ ವ್ಯತ್ಯಾಸದಿಂದ 0.5 ಕಳೆದು 4.3 ಮಾಡಿ ವರ್ಗ ಮಾಡುತ್ತದೆ, ಕೈ-ಸ್ಕ್ವೇರ್ 3.82ಕ್ಕೆ ಇಳಿಯುತ್ತದೆ. ಎಕ್ಸೆಲ್ ಹಾಗೆ ಮಾಡುವುದಿಲ್ಲ.

```
m <- matrix(c(12,16,48,24), nrow=2)
chisq.test(m)
chisq.test(m, correct=FALSE)
```

ಮೂರನೇ ಸಾಲು ಎಕ್ಸೆಲ್‌ನ ಉತ್ತರವನ್ನೇ ಕೊಡುತ್ತದೆ. ಯಾವುದನ್ನು ಬಳಸಿದ್ದೀರೆಂದು ವರದಿಯಲ್ಲಿ ಬರೆಯಿರಿ, ಮತ್ತು ಅದನ್ನು ಪಿ-ಮೌಲ್ಯ ನೋಡುವ ಮೊದಲೇ ತೀರ್ಮಾನಿಸಿ. ನಾಲ್ಕೂ ನಿರೀಕ್ಷಿತ ಸಂಖ್ಯೆ ಹತ್ತು ದಾಟಿರುವ ಇಂಥ ಪಟ್ಟಿಗೆ ನಾನು ತಿದ್ದುಪಡಿ ಬಳಸುವುದಿಲ್ಲ, ಅದು ಅಗತ್ಯಕ್ಕಿಂತ ಬಿಗಿ. ಇದೇ ಪಟ್ಟಿ ಕಾಲು ಭಾಗಕ್ಕೆ ಇಳಿದು ರೈತರು 25 ಮಂದಿ ಮಾತ್ರ ಇದ್ದರೆ ನಿರೀಕ್ಷಿತ ಸಂಖ್ಯೆ 4.2 ಮತ್ತು 2.8 ಆಗಿ ಐದರ ಕೆಳಗೆ ಹೋಗುತ್ತವೆ. ಆಗ ಯೇಟ್ಸ್ ಬೇಕೋ ಬೇಡವೋ ಎಂಬ ಚರ್ಚೆಯೇ ಬೇಡ, ಆ ಅಂಕಿಯನ್ನು `m`ಗೆ ತುಂಬಿ `fisher.test(m)` ಹಾಕಿ.