ಮಂಕಾದ ದನಿ, ಓರೆಯಾದ ಹೆಡ್: ಮನೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿದ ಅನುಭವ

ಮದುವೆ ಮನೆಯ ಸೋಬಾನೆ, ಅಜ್ಜಿ ಹೇಳಿದ ಕತೆ, ಊರ ದೇವಸ್ಥಾನದ ಭಜನೆ. ಇಂಥ ಕ್ಯಾಸೆಟ್ಟನ್ನು ಇಪ್ಪತ್ತು ಮೂವತ್ತು ವರ್ಷದ ಮೇಲೆ ಹಾಕಿದರೆ ದನಿ ಕಂಬಳಿ ಹೊದ್ದಂತೆ ಕೇಳುತ್ತದೆ. ‘ಟೇಪು ಸವೆದುಹೋಗಿದೆ’ ಎಂದು ಎಲ್ಲರೂ ಕೈಬಿಡುವುದು ಇಲ್ಲೇ. ನಾನು ಇಳಿಸಿಕೊಂಡ ಮನೆಯ ಕ್ಯಾಸೆಟ್‌ಗಳಲ್ಲಿ ಹೆಚ್ಚಿನವಕ್ಕೆ ಸವೆತ ಕಾರಣವಾಗಿರಲಿಲ್ಲ. ಟೇಪಿಗೆ ತಾಗಿ ಸದ್ದನ್ನು ಬರೆಯುವ, ಓದುವ ಲೋಹದ ತುಂಡೇ ಹೆಡ್. ಅಂದು ರೆಕಾರ್ಡ್ ಮಾಡಿದ ಟೇಪ್ ರೆಕಾರ್ಡರಿನ ಹೆಡ್ ಒಂದು ಕೋನದಲ್ಲಿ ನಿಂತಿತ್ತು, ಇಂದು ನುಡಿಸುವ ಡೆಕ್ಕಿನ ಹೆಡ್ ಇನ್ನೊಂದು ಕೋನದಲ್ಲಿದೆ, ಅಷ್ಟೇ. ಅದನ್ನು ಹೊಂದಿಸದೆ ಇಳಿಸಿಕೊಂಡರೆ ಹೋದ ದನಿಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ.

ಲೆಕ್ಕ ಹೀಗಿದೆ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ‘ಸ’, ‘ಶ’, ಬಳೆಯ ಸದ್ದು, ತಾಳದ ಝಣ ಇವೆಲ್ಲ 10,000 ಹರ್ಟ್ಸ್ ಆಸುಪಾಸಿನವರೆಗೂ ಏರುತ್ತವೆ. ಆ ಎತ್ತರದಲ್ಲಿ ಒಂದು ಅಲೆ ಟೇಪಿನ ಮೇಲೆ ಹಿಡಿಯುವ ಜಾಗ 4.76 ಮೈಕ್ರಾನ್ ಮಾತ್ರ. ಹಳೆಯ ಮೋನೊ ರೆಕಾರ್ಡರು ಬರೆಯುವ ಪಟ್ಟಿಯ ಅಗಲ ಸುಮಾರು 1.5 ಮಿಲಿಮೀಟರ್. ಓದುವ ಹೆಡ್ಡು ಒಂದು ಡಿಗ್ರಿಯ ಹತ್ತನೇ ಒಂದು ಭಾಗ ಓರೆಯಾದರೂ ಪಟ್ಟಿಯ ಮೇಲಂಚಿಗೂ ಕೆಳಂಚಿಗೂ 2.6 ಮೈಕ್ರಾನ್ ವ್ಯತ್ಯಾಸ ಬರುತ್ತದೆ, ಅಂದರೆ ಅರ್ಧ ಅಲೆಗಿಂತ ಹೆಚ್ಚು. ಮೇಲಂಚು ಅಲೆಯ ಏರನ್ನು ಓದುವಾಗ ಕೆಳಂಚು ಇಳಿತವನ್ನು ಓದುತ್ತದೆ, ಒಂದನ್ನೊಂದು ತಿಂದುಹಾಕುತ್ತವೆ. ಓರೆ 0.2 ಡಿಗ್ರಿಯಾದರೆ ಆ ಎತ್ತರದ ಸದ್ದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕೆಳಗಿನ ಸ್ವರಗಳ ಅಲೆ ಉದ್ದವಾಗಿರುವುದರಿಂದ ಅವಕ್ಕೆ ಏನೂ ಆಗುವುದಿಲ್ಲ. ಹಾಗಾಗಿಯೇ ದನಿ ಇದೆ, ಆದರೆ ಮಾತು ತಿಳಿಯುವುದಿಲ್ಲ ಎನ್ನಿಸುವುದು.

ಹೆಡ್ಡಿಗೆ ಕೈ ಹಾಕುವ ಮುಂಚೆ ಬೇರೆ ಕೆಲಸ ಮುಗಿಸಬೇಕು. ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿ. ಆಮೇಲೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅದು ಕೆಳಗಿಳಿಯುವುದಿಲ್ಲ. ಕಿಟಕಿಯಲ್ಲಿ ಟೇಪಿನ ಸುರುಳಿ ನೋಡಿ. ಅದರ ಮೇಲೆ ಬಿಳಿ ಪುಡಿ ಕಂಡರೆ ಬೂಷ್ಟು. ಕರಾವಳಿ, ಮಲೆನಾಡಿನ ಮನೆಗಳ ಕ್ಯಾಸೆಟ್‌ಗಳಲ್ಲಿ ಇದು ಮಾಮೂಲು. ಅದನ್ನು ಡೆಕ್ಕಿಗೆ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ, ನಿಮ್ಮ ಉಸಿರಿಗೂ ಒಳ್ಳೆಯದಲ್ಲ. ಅಂಥವನ್ನು ಬೇರೆ ಚೀಲಕ್ಕೆ ಹಾಕಿ ಕೊನೆಗಿಡಿ.

ಬೂಷ್ಟಿಲ್ಲದಿದ್ದರೆ ಟೇಪ್ ಹೆಡ್ಡಿಗೆ ತಾಗುವ ಕಡೆ, ನಡುವಿನ ಕಿಂಡಿಯಲ್ಲಿ ಒಂದು ಪುಟ್ಟ ಉಣ್ಣೆಯ ಮೆತ್ತೆ ಇದೆಯೇ ನೋಡಿ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಅಂಟು ಒಣಗಿ ಅದು ಬಿದ್ದುಹೋಗಿದ್ದರೂ ದನಿ ಮಂಕಾಗುತ್ತದೆ, ಏರಿಳಿಯುತ್ತದೆ. ಆಗ ಟೇಪನ್ನು ಬೇರೆ ಡಬ್ಬಿಗೆ ವರ್ಗಾಯಿಸುವುದೇ ಸುಲಭ. ಐದು ಸ್ಕ್ರೂ ಇರುವ ಒಂದು ಬೇಡದ ಕ್ಯಾಸೆಟ್ ತಂದು ಬಿಚ್ಚಿ, ಅದರ ಟೇಪು ತೆಗೆದು, ಎರಡು ಸುರುಳಿಗಳನ್ನೂ ಹಾಗೆಯೇ ಎತ್ತಿ ಅದರೊಳಗಿಡಿ. ಸ್ಕ್ರೂ ಇಲ್ಲದೆ ಅಂಟಿಸಿರುವ ಡಬ್ಬಿಯಾದರೆ ಜೋಡಣೆಯ ಗೀಟಿನ ಮೇಲೆ ಬ್ಲೇಡ್ ಆಡಿಸಿ ಬಿಡಿಸಬೇಕು. ತುಂಡಾದ ಟೇಪಿಗೆ ಮಾಮೂಲಿ ಸೆಲೋಟೇಪ್ ಹಚ್ಚಬೇಡಿ, ಅದರ ಅಂಟು ಒಸರಿ ಪಕ್ಕದ ಸುತ್ತುಗಳನ್ನೂ ಹಿಡಿಯುತ್ತದೆ. ಕ್ಯಾಸೆಟ್‌ಗೆಂದೇ ಬರುವ ಅಂಟುಪಟ್ಟಿಯನ್ನು ಟೇಪಿನ ಒಳಮುಖಕ್ಕೆ ಹಚ್ಚಬೇಕು. ಹೊರಮುಖವೇ ಹೆಡ್ಡಿಗೆ ತಾಗುವುದು.

ಡೆಕ್ಕಿನ ಹೆಡ್ಡನ್ನೂ ಅದರ ಪಕ್ಕದ ಉಕ್ಕಿನ ಕಡ್ಡಿಯನ್ನೂ 99% ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಇಯರ್ ಬಡ್‌ನಿಂದ ಒರೆಸಿ, ಬಡ್ಡಿನಲ್ಲಿ ಕಂದು ಬಣ್ಣ ಬರುವುದು ನಿಲ್ಲುವವರೆಗೆ. ರಬ್ಬರ್ ರೋಲರಿಗೆ ಸೋಪು ನೀರಿನ ಪಸೆ ಸಾಕು. ಆಲ್ಕೋಹಾಲ್ ಪದೇ ಪದೇ ತಾಗಿದರೆ ರಬ್ಬರ್ ಬಿರಿಯುತ್ತದೆ. ಪೂರ್ತಿ ಒಣಗಿದ ಮೇಲೆ ಕ್ಯಾಸೆಟ್ ಹಾಕಿ, ಒಮ್ಮೆ ಕೊನೆವರೆಗೆ ಓಡಿಸಿ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಕೂತ ಸುರುಳಿ ಸಡಿಲಾಗುವುದು ಹೀಗೆ.

ಡೆಕ್ಕಿನಿಂದ ಕಂಪ್ಯೂಟರಿಗೆ ಬರುವ ದಾರಿಯಲ್ಲಿ ಎಡವುವ ಜಾಗ ಒಂದಿದೆ. ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ಡೆಕ್ಕನ್ನು ಸಿಗಿಸಿದರೆ ಸದ್ದು ಒಡೆಯುತ್ತದೆ, ಏಕೆಂದರೆ ಅದು ಸಣ್ಣ ಸಂಕೇತವನ್ನು ಹಿಗ್ಗಿಸಲು ಮಾಡಿದ್ದು. ಮೇಲಾಗಿ ಸಾಮಾನ್ಯವಾಗಿ ಮೋನೊ. ಕೆಂಪು-ಬಿಳಿ ಕಿಂಡಿಗಳಿರುವ, ‘ಲೈನ್ ಇನ್’ ಎಂದು ಬರೆದಿರುವ ಯುಎಸ್‌ಬಿ ಸೌಂಡ್ ಕಾರ್ಡೇ ಬೇಕು. ತಂದದ್ದು ನಿಜಕ್ಕೂ ಸ್ಟೀರಿಯೊ ಹೌದೋ ಅಲ್ಲವೋ ನೋಡಲು ಕೆಂಪು ಪಿನ್ ಎಳೆಯಿರಿ, ಒಂದೇ ಕಡೆಯ ಸದ್ದು ಹೋಗಬೇಕು. ಗುಂಯ್ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ, ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ. ಟೇಪಿನ ಸುಯ್ ಎನ್ನುವ ಸದ್ದನ್ನು ತಗ್ಗಿಸುವ ಡೆಕ್ಕಿನ ಡಾಲ್ಬಿ ಗುಂಡಿ ಆರಿರಲಿ. ಮನೆಯ ಟೂ-ಇನ್-ಒನ್‌ಗಳಲ್ಲಿ ಸಾಮಾನ್ಯವಾಗಿ ಡಾಲ್ಬಿ ಇರುತ್ತಿರಲಿಲ್ಲ. ಇಲ್ಲದ ಡಾಲ್ಬಿಯನ್ನು ಬಿಚ್ಚಲು ಹೋದರೆ ಇರುವ ಕೀಚು ಸದ್ದೂ ಹೋಗುತ್ತದೆ.

ಈಗ ಹೆಡ್ಡಿನ ಮಾತು. ಹೆಡ್ಡಿನ ಎರಡು ಬದಿಗೂ ಒಂದೊಂದು ಸ್ಕ್ರೂ ಇರುತ್ತದೆ. ಕೆಳಗೆ ಸ್ಪ್ರಿಂಗ್ ಇರುವುದೇ ನಮಗೆ ಬೇಕಾದ್ದು, ಅದರ ತಲೆಗೆ ಬಣ್ಣದ ಹನಿ ಬಿಟ್ಟಿರುವುದೂ ಉಂಟು. ಕ್ಯಾಸೆಟ್ ಬಾಗಿಲಿನ ಮುಚ್ಚಳ ಮೇಲಕ್ಕೆಳೆದರೆ ಬಹಳಷ್ಟು ಡೆಕ್‌ಗಳಲ್ಲಿ ಓಡುತ್ತಿರುವಾಗಲೇ ಅದು ಕೈಗೆ ಸಿಗುತ್ತದೆ. ಮೊದಲು ಅದರ ಈಗಿನ ಸ್ಥಾನವನ್ನು ಮಾರ್ಕರ್ ಪೆನ್ನಿನಿಂದ ಗುರುತು ಮಾಡಿ, ಕೆಲಸವಾದ ಮೇಲೆ ಅಲ್ಲಿಗೇ ತರಬೇಕು. ಅಯಸ್ಕಾಂತದ ತುದಿಯ ಸ್ಕ್ರೂಡ್ರೈವರ್ ಹತ್ತಿರ ತರಲೇಬೇಡಿ. ಎಡ ಬಲ ಎರಡನ್ನೂ ಕೂಡಿಸಿ ಮೋನೊದಲ್ಲಿ ಕೇಳಬೇಕು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್‌ನ `Accessibility > Audio` ಒಳಗೆ `Mono audio` ಇದೆ. ಒಳಬರುವ ಸದ್ದನ್ನು ಅಲ್ಲೇ ಕೇಳಿಸುವ ಆಯ್ಕೆ ರೆಕಾರ್ಡ್ ಮಾಡಿಕೊಳ್ಳುವ ಉಚಿತ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಇದೆ. ಮಾತು ಹೆಚ್ಚಿರುವ ಕಡೆ ಓಡಿಸುತ್ತಾ ಸ್ಕ್ರೂವನ್ನು ಸುತ್ತಿನ ಎಂಟನೇ ಒಂದು ಭಾಗದಷ್ಟು ಅತ್ತ ಇತ್ತ ತಿರುಗಿಸಿ. ‘ಸ’ಕಾರ ಮೊನಚಾಗುತ್ತಾ ಬಂದು ಮತ್ತೆ ಮಂಕಾಗುವ ಒಂದು ತಾಣ ಸಿಗುತ್ತದೆ. ದಾಟಿ ಹೋಗಿ, ಹಿಂದೆ ಬಂದು, ನಡುವೆ ನಿಲ್ಲಿಸಿ. ಕಾಲು ಸುತ್ತಿಗಿಂತ ಹೆಚ್ಚು ಬೇಕಾಗುವುದು ಅಪರೂಪ.

ಒಂದೂವರೆ ಗಂಟೆಯ ಒಂದು ಸಿ-90 ಸೋಬಾನೆ ಕ್ಯಾಸೆಟ್ಟಿನಲ್ಲಿ ಎ ಬದಿಗೆ ಬಲಕ್ಕೆ ಎಂಟನೇ ಒಂದು ಸುತ್ತು ತಿರುಗಿಸಿದ ಕೂಡಲೇ ಹಾಡಿನ ಪದಗಳು ಬಿಡಿಬಿಡಿಯಾಗಿ ಕೇಳಿದವು. ಅದೇ ಸ್ಥಾನದಲ್ಲಿ ಬಿ ಬದಿ ಹಾಕಿದರೆ ಮತ್ತೆ ಕಂಬಳಿ. ಡಬ್ಬಿ ಮಗುಚಿದಾಗ ಟೇಪು ಸಾಗುವ ಓರೆಯೂ ಬದಲಾಗುವುದರಿಂದ ಪ್ರತಿ ಬದಿಗೂ ಹೊಸದಾಗಿ ಹೊಂದಿಸಲೇಬೇಕು. ಬಿ ಬದಿಯಲ್ಲಿ ಟೇಪಿನ ಒಂದು ಅಂಚು ಮುದುಡಿತ್ತು. ಅಲ್ಲಿ ಎಡದ ಸದ್ದು ಕಂತು ಕಂತಾಗಿ ಬರುತ್ತಿತ್ತು. ಮೋನೊ ರೆಕಾರ್ಡಿಂಗನ್ನು ಸ್ಟೀರಿಯೊ ಹೆಡ್ಡು ಎರಡು ಪ್ರತಿಯಾಗಿ ಓದುತ್ತದೆ, ಹಾಗಾಗಿ ಎಡವನ್ನು ಬಿಟ್ಟು ಬಲವನ್ನಷ್ಟೇ ಇಟ್ಟುಕೊಂಡರೆ ಹಾಡು ಪೂರ್ತಿ ಸಿಕ್ಕಿತು. ಮೋನೊ ಕ್ಯಾಸೆಟ್ಟನ್ನೂ ಸ್ಟೀರಿಯೊದಲ್ಲೇ ಇಳಿಸಿಕೊಳ್ಳಿ ಎನ್ನುವುದು ಇದಕ್ಕೇ.

ಆಡಾಸಿಟಿಯಲ್ಲಿ 48,000 ಹರ್ಟ್ಸ್, 24 ಬಿಟ್. ಅತಿ ಜೋರಿನ ಜಾಗದಲ್ಲೂ ಮೀಟರು −6 ಡೆಸಿಬೆಲ್ ದಾಟದಿರಲಿ. ವಾಲಗ ಶುರುವಾಗುವ ಕಡೆ ಮೊದಲೇ ಹಾಕಿ ನೋಡಿಕೊಳ್ಳಿ. ಸೊನ್ನೆ ಮುಟ್ಟಿ ತಲೆ ಚಪ್ಪಟೆಯಾದ ಅಲೆಗೆ ಮದ್ದಿಲ್ಲ. ಒಂದು ಬದಿಗೆ ಒಂದೇ ಫೈಲು, ಹಾಡು ಹಾಡಾಗಿ ಕತ್ತರಿಸುವುದು ಆಮೇಲಿನ ಮಾತು. ಎಕ್ಸ್‌ಪೋರ್ಟ್ ಮಾಡುವಾಗ `Signed 24-bit PCM` ಆರಿಸಿ, ಇಲ್ಲದಿದ್ದರೆ ಅದು 16 ಬಿಟ್‌ಗೆ ಇಳಿಸಿಬಿಡಬಹುದು. ಒಂದು ಗಂಟೆಗೆ ಸುಮಾರು 1 ಜಿಬಿ, ಸಿ-90 ಒಂದಕ್ಕೆ ಒಂದೂವರೆ.

ಅದೇ ಸೋಬಾನೆ ಕ್ಯಾಸೆಟ್ಟಿನಲ್ಲಿ ಹೆಂಗಸರ ದನಿ ಮಕ್ಕಳ ದನಿಯಂತೆ ಕೀಚಲಾಗಿತ್ತು. ಅಂದಿನ ರೆಕಾರ್ಡರು ನಿಧಾನವಾಗಿ ಓಡಿದ್ದರೆ ಇಂದು ಸರಿ ವೇಗದಲ್ಲಿ ಹಾಗೆಯೇ ಕೇಳುತ್ತದೆ. ಎಷ್ಟು ನಿಧಾನ ಎಂಬುದಕ್ಕೆ ಟೇಪಿನೊಳಗೇ ಸಾಕ್ಷಿ ಇರುತ್ತದೆ. ಕರೆಂಟಿನಲ್ಲಿ ನಡೆದ ರೆಕಾರ್ಡರು 50 ಹರ್ಟ್ಸ್‌ನ ಗುಂಯ್ ಸದ್ದನ್ನೂ ಬರೆದಿರುತ್ತದೆ. ಹಾಡಿಲ್ಲದ ಐದಾರು ಸೆಕೆಂಡು ಆಯ್ದು `Plot Spectrum` ತೆರೆದು `Size` ಅನ್ನು 65536 ಮಾಡಿ. 2048ರಲ್ಲೇ ಬಿಟ್ಟರೆ ಗೆರೆಗೆ ಗೆರೆ 23 ಹರ್ಟ್ಸ್ ದೂರ, ಏನೂ ತಿಳಿಯದು. ಇಲ್ಲಿ ಶಿಖರ ಕಂಡದ್ದು 54ರಲ್ಲಿ. ನಿಮ್ಮ ಡೆಕ್ಕಿನದೇ ಗುಂಯ್ ಇದ್ದರೆ ಅದು 50ರಲ್ಲಿ ಬೇರೆಯಾಗಿ ನಿಲ್ಲುತ್ತದೆ. 50ನ್ನು 54ರಿಂದ ಭಾಗಿಸಿದರೆ 0.926, ಅಂದರೆ 7.4% ನಿಧಾನ ಮಾಡಬೇಕು. ಫೈಲಿನ ನಕಲು ಮಾಡಿಕೊಂಡು ಅದಕ್ಕೆ `Change Speed and Pitch`ನಲ್ಲಿ −7.4 ಕೊಟ್ಟಾಗ ದನಿ ದೊಡ್ಡವರದಾಯಿತು. ಆ ಕಾಲದಲ್ಲಿ ನಮ್ಮ ಕರೆಂಟು 50ಕ್ಕೆ ಕರಾರುವಾಕ್ಕಾಗಿ ನಿಲ್ಲುತ್ತಿರಲಿಲ್ಲ, ಆದ್ದರಿಂದ ಒಂದೆರಡು ಶೇಕಡಾ ಅತ್ತಿತ್ತ ಕಿವಿಯೇ ತೀರ್ಮಾನಿಸಬೇಕು. ಸೆಲ್ ಹಾಕಿ ರೆಕಾರ್ಡ್ ಮಾಡಿದ್ದರಲ್ಲಿ ಈ ಗುಂಯ್ ಇರುವುದಿಲ್ಲ. ಮೇಲಾಗಿ ಸೆಲ್ ಇಳಿದಂತೆ ವೇಗವೂ ಇಳಿಯುತ್ತದೆ. ಹಾರ್ಮೋನಿಯಂ ಜೊತೆಗಿದ್ದರೆ ಅದರ ಸ್ವರ ಹಿಡಿದು ತುಂಡು ತುಂಡಾಗಿ ಸರಿಪಡಿಸುವುದೊಂದೇ ದಾರಿ.

ಕ್ಯಾಸೆಟ್ ಜೊತೆ ಗ್ರಾಮಫೋನ್ ತಟ್ಟೆಗಳನ್ನೂ ಇಳಿಸುವುದಾದರೆ ಎರಡೇ ಎಚ್ಚರಿಕೆ. 78 ವೇಗದ ಹಳೆಯ ತಟ್ಟೆಗಳು ಅರಗಿನವು, ಆಲ್ಕೋಹಾಲ್ ತಾಗಿದರೆ ಕರಗುತ್ತವೆ. ಅವನ್ನು ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಸೋಪು ಹಾಕಿ ಒರೆಸಿ, ಲೇಬಲ್ ನೆನೆಯದಂತೆ. ಇನ್ನು ಎಲ್‌ಪಿಯ ಮುಳ್ಳು ಸುಮಾರು 18 ಮೈಕ್ರಾನಿನದು, 78ರ ಮುಳ್ಳು 76ರದು. ಎಲ್‌ಪಿ ಮುಳ್ಳು 78ರ ಗೀರಿನ ತಳಕ್ಕೆ ಬಿದ್ದು ಧೂಳನ್ನೇ ಓದುತ್ತದೆ, ತಾನೂ ಸವೆಯುತ್ತದೆ.

ಇಳಿಸಿದ ಮೂಲ ಫೈಲಿನ ಮೇಲೆ ಗದ್ದಲ ತೆಗೆಯುವ ಯಾವ ಪ್ರಯೋಗವೂ ಬೇಡ, ಎಲ್ಲವೂ ಪ್ರತಿಯ ಮೇಲೆ. ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಖಾಲಿ ಜಾಗವಿಲ್ಲದೆ, ಕ್ಯಾಸೆಟ್ ಸಂಖ್ಯೆ ಮತ್ತು ಬದಿ ಸೇರಿಸಿ: `kaset07_A_mula.wav`. ಅದೇ 07ನ್ನು ಪೆನ್ಸಿಲ್ಲಿನಲ್ಲಿ ಕ್ಯಾಸೆಟ್ ಲೇಬಲ್ಲಿನ ಮೇಲೂ ಬರೆದು ಎರಡೂ ಬದಿಯ ಫೋಟೋ ಅದೇ ಫೋಲ್ಡರಿಗೆ ಹಾಕಿ. ಯಾರು ಹಾಡಿದ್ದು, ಯಾರ ಮದುವೆ ಎಂಬುದನ್ನು ಗೊತ್ತಿರುವ ಹಿರಿಯರನ್ನು ಕೂರಿಸಿಕೊಂಡೇ ಬರೆದಿಡಿ, ಈ ಕೆಲಸ ಮುಂದೂಡಬಾರದು. ಆಮೇಲೆ ಲಿನಕ್ಸಿನಲ್ಲಿ:

```
sha256sum *.wav > kaset07.sha256
sha256sum -c kaset07.sha256
```

ಮೊದಲ ಸಾಲು ಪ್ರತಿ ಫೈಲಿನ ಗುರುತನ್ನು ಬರೆದಿಡುತ್ತದೆ. ಎರಡನೆಯದು ಮುಂದೆ ಎಂದಾದರೂ ಹೋಲಿಸಿ `OK` ಅಥವಾ `FAILED` ಎನ್ನುತ್ತದೆ. ವಿಂಡೋಸಿನಲ್ಲಾದರೆ `certutil -hashfile kaset07_A_mula.wav SHA256`. ನನ್ನ ರೂಢಿಯಲ್ಲಿ ಮೂರು ಪ್ರತಿ: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೆ ಊರಿನ ನೆಂಟರ ಮನೆಯ ಡಿಸ್ಕಿನಲ್ಲಿ ಒಂದು. ವರ್ಷಕ್ಕೊಮ್ಮೆ ಎರಡನೇ ಸಾಲನ್ನು ಮೂರರ ಮೇಲೂ ಓಡಿಸಿ, `FAILED` ಬಂದ ಫೈಲನ್ನು ಸರಿಯಿರುವ ಪ್ರತಿಯಿಂದ ತುಂಬುತ್ತೇನೆ. ಪೆನ್ ಡ್ರೈವನ್ನು ಈ ಮೂರರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮನೆಯವರಿಗೆ ಕಳಿಸಲು ಎಂಪಿ3 ಸಾಕು, ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಎಂದೇ ಕಳಿಸಿ. ಕ್ಯಾಸೆಟ್ಟನ್ನು ಕೊನೆವರೆಗೆ ಸುತ್ತಿ, ಡಬ್ಬಿಯಲ್ಲಿ ನಿಲ್ಲಿಸಿ, ಸ್ಪೀಕರಿನಿಂದ ದೂರದ ಒಣ ಕಪಾಟಿನಲ್ಲಿಡಿ. ಇಳಿಸಿಯಾಯಿತೆಂದು ಗುಜರಿಗೆ ಹಾಕಬೇಡಿ. ಇಂದು ಓರೆ ಬಿಟ್ಟದ್ದು ನಾಳೆ ಸರಿಯಾಗಿ ಹೊಂದಬಹುದು.