ಮಕ್ಕಳಾಗುವವರೆಗೆ ಟಿಶ್ಯೂ, ಆಮೇಲೆ ಮೆಕ್ಯಾನಿಕಲ್: ಒಂದು ವಾಲ್ವ್ ನಿರ್ಧಾರದ ಬಗ್ಗೆ ನನ್ನ ಅನುಭವ

ಅಥಣಿ ಕಡೆಯ ಒಬ್ಬ ಹೆಣ್ಣುಮಗಳಿಗೆ ಕಳೆದ ತಿಂಗಳು ಬೆಳಗಾವಿಯಲ್ಲಿ ಹೃದಯದ ಮೈಟ್ರಲ್ ಜಾಗದಲ್ಲಿದ್ದ, ಪ್ರಾಣಿಯ ಅಂಗಾಂಶದಿಂದ ಮಾಡಿದ ಹಳೆಯ ಟಿಶ್ಯೂ ವಾಲ್ವ್ ತೆಗೆದು ಮೆಕ್ಯಾನಿಕಲ್ ವಾಲ್ವ್ ಕೂಡಿಸಿದೆ. ಒಂಬತ್ತು ವರ್ಷದ ಹಿಂದೆ, ಆಕೆಗೆ 24 ತುಂಬಿದ್ದಾಗ, ಆ ಟಿಶ್ಯೂ ವಾಲ್ವ್ ಕೂಡಿಸಿದವನೂ ನಾನೇ. ಇಷ್ಟು ಚಿಕ್ಕ ವಯಸ್ಸಿನಲ್ಲಿ ಟಿಶ್ಯೂ ಹಾಕಿದರೆ ಎರಡನೆಯ ಆಪರೇಷನ್ನಿಗೆ ಇಂದೇ ಮುಹೂರ್ತ ಇಟ್ಟಂತೆ ಎಂದು ಆಗ ಹಿರಿಯ ಸಹೋದ್ಯೋಗಿಯೊಬ್ಬರು ಎಚ್ಚರಿಸಿದ್ದರು. ಅವರ ಮಾತು ನಿಜವಾಗಿತ್ತು. ಆದರೆ ಆ ಮುಹೂರ್ತವನ್ನು ಗೊತ್ತಿದ್ದೇ ಇಟ್ಟಿದ್ದೆ.

ಅದಕ್ಕೆ ಕಾರಣ ನನ್ನದೇ ಒಂದು ಸೋಲು. ಅದಕ್ಕೂ ಕೆಲವು ವರ್ಷ ಮೊದಲು ಬಾಗಲಕೋಟೆ ಕಡೆಯ 22ರ ಹುಡುಗಿಯೊಬ್ಬಳಿಗೆ, ಜೀವನಪೂರ್ತಿ ಬಾಳಲಿ ಎಂದು, ಮೆಕ್ಯಾನಿಕಲ್ ವಾಲ್ವ್ ಹಾಕಿದ್ದೆ. ಗರ್ಭ ನಿಂತದ್ದು ತಿಳಿದೊಡನೆ, ಗುಳಿಗೆಯಿಂದ ಕೂಸಿಗೆ ಕೆಡುಕಾಗುತ್ತದೆಂದು ಯಾರೋ ಹೇಳಿದ ಮಾತು ಕೇಳಿ ಆಕೆ, ಆ ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ದಿನಾ ನುಂಗಬೇಕಾದ ಅಸಿಟ್ರಾಮ್ ನಿಲ್ಲಿಸಿಬಿಟ್ಟಳು. ಮೂರನೆಯ ತಿಂಗಳಲ್ಲಿ ಉಬ್ಬಸಪಡುತ್ತ ಬಂದಾಗ ಅತ್ತೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಸಾಹೇಬ್ರ, ಮೊದಲೆಲ್ಲಾ ರಾತ್ರಿ ಬಾಜೂಕ ಮಲಗಿದ್ರ ಗಡಿಯಾರದಂಗ ಸಪ್ಪಳ ಕೇಳತಿತ್ರಿ. ನಾಕ್ ದಿನ ಆತು, ಕೇಳವಲ್ದ್ರಿ.” ಫ್ಲೋರೋಸ್ಕೋಪಿಯಲ್ಲಿ ನೋಡಿದರೆ ವಾಲ್ವಿನ ಎರಡು ಎಲೆಗಳಲ್ಲಿ ಒಂದು ಅಲುಗಾಡುತ್ತಿರಲಿಲ್ಲ. ಅದೇ ರಾತ್ರಿ ಆಪರೇಷನ್ ಮಾಡಿ ತಾಯಿಯನ್ನು ಉಳಿಸಿಕೊಂಡೆವು, ಕೂಸು ಉಳಿಯಲಿಲ್ಲ.

ಬಸಿರಿನ ಆರರಿಂದ ಹನ್ನೆರಡನೆಯ ವಾರದವರೆಗೆ ಗುಳಿಗೆ ನಿಲ್ಲಿಸಿ, ಕೂಸಿಗೆ ತಲುಪದ ಹೆಪಾರಿನ್ ಇಂಜೆಕ್ಷನ್ ದಿನಕ್ಕೆರಡು ಕೊಡಬಹುದು ಎಂಬುದು ನಮಗೆಲ್ಲ ಗೊತ್ತಿದೆ. ಆದರೆ ಇಂಜೆಕ್ಷನ್ ಕೊಟ್ಟು ನಾಲ್ಕರಿಂದ ಆರು ತಾಸಿಗೆ, ಅದು ಎಷ್ಟು ಕೆಲಸ ಮಾಡುತ್ತಿದೆಯೆಂದು ತೋರಿಸುವ ಆ್ಯಂಟಿ-ಟೆನ್-ಎ ಅಳೆಯದಿದ್ದರೆ ಆ ಹೆಪಾರಿನ್ನನ್ನು ನಂಬುವಂತಿಲ್ಲ, ಹಳ್ಳಿಯಿಂದ ವಾರವಾರವೂ ಆ ಪರೀಕ್ಷೆಗೆ ಬರುವುದು ಎಷ್ಟು ಜನರಿಗೆ ಸಾಧ್ಯ? ದಿನಕ್ಕೆ ಎರಡು ಮಿಲಿಗ್ರಾಂಗಿಂತ ಕಡಿಮೆ ಅಸಿಟ್ರಾಮ್ ಸಾಕಾಗುವವರಿಗೆ ಗುಳಿಗೆಯನ್ನೇ ಮುಂದುವರಿಸಬಹುದು, ಆದರೆ ಯಾರಿಗೆ ಎಷ್ಟು ಬೇಕಾಗುತ್ತದೆಂಬುದು ವಾಲ್ವ್ ಹಾಕುವ ಮೊದಲು ತಿಳಿಯುವುದಿಲ್ಲ.

ಟಿಶ್ಯೂ ವಾಲ್ವಿಗಾದರೆ ಮೊದಲ ಮೂರು ತಿಂಗಳ ನಂತರ ಆ ಗುಳಿಗೆ ಬೇಕಾಗುವುದಿಲ್ಲ. ಹಾಗೆಂದು ಎಲ್ಲ ಯುವತಿಯರಿಗೂ ಟಿಶ್ಯೂ ಹಾಕುವವನಲ್ಲ ನಾನು. ಅಥಣಿಯ ಈಕೆಯ ಸ್ವಂತ ವಾಲ್ವ್ ಸುಣ್ಣಗಟ್ಟಿ ಸೋರುತ್ತಲೂ ಇದ್ದುದರಿಂದ ಬಲೂನಿನಿಂದ ಹಿಗ್ಗಿಸಲಿಕ್ಕೂ ರಿಪೇರಿಗೂ ಒಗ್ಗುತ್ತಿರಲಿಲ್ಲ; ಹೃದಯದ ಲಯ ಮಾತ್ರ ಸರಿಯಾಗಿತ್ತು. ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದಿದ್ದರೆ ಟಿಶ್ಯೂ ಹಾಕಿಯೂ ಅಸಿಟ್ರಾಮ್ ತಪ್ಪುತ್ತಿರಲಿಲ್ಲ, ಇಡೀ ಲೆಕ್ಕವೇ ಕೆಡುತ್ತಿತ್ತು. 65 ದಾಟಿದವರಿಗೆ ಟಿಶ್ಯೂ, 50ರೊಳಗಿನವರಿಗೆ ಮೆಕ್ಯಾನಿಕಲ್ ಎಂಬ ವಾಡಿಕೆಯನ್ನು ಉಳಿದವರಲ್ಲಿ ನಾನೂ ಪಾಲಿಸುತ್ತೇನೆ.

ಆಗ ಟಿಶ್ಯೂ ವಾಲ್ವಿಗೆ ಸುಮಾರು ಇಪ್ಪತ್ತು ಸಾವಿರ ರೂಪಾಯಿ ಹೆಚ್ಚಾಗುತ್ತಿತ್ತು ಎಂದು ನೆನಪು. ಗಂಡನ ಮನೆಯವರು ಹಿಂಜರಿದರು. ಅಸಿಟ್ರಾಮ್ ನುಂಗುವವರ ರಕ್ತ ಎಷ್ಟು ತೆಳುವಾಗಿದೆಯೆಂದು ನೋಡುವ ತಿಂಗಳ ಐಎನ್‌ಆರ್ ಪರೀಕ್ಷೆ, ಬಸ್ಸಿನ ಖರ್ಚು, ಕಳೆದುಕೊಳ್ಳುವ ಒಂದು ದಿನದ ಕೂಲಿ, ಇವನ್ನೆಲ್ಲ ಕಾಗದದ ಮೇಲೆ ಕೂಡಿಸಿ ತೋರಿಸಿದೆ. ನಾಲ್ಕೈದು ವರ್ಷದಲ್ಲಿ ಆ ಹಣ ಸರಿಹೋಗುತ್ತಿತ್ತು. ಎರಡನೆಯ ಆಪರೇಷನ್ನಿನ ಖರ್ಚು ಆ ಲೆಕ್ಕದಲ್ಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಮೊದಲ ಮೂರು ತಿಂಗಳು ಅಸಿಟ್ರಾಮ್ ಕೊಟ್ಟೆ. ಆ ಅವಧಿಯಲ್ಲೇ ಒಂದು ಸಣ್ಣ ಪ್ರಯೋಗವನ್ನೂ ಮಾಡಿದೆ. ಗುಳಿಗೆಯ ಬಲವನ್ನು ಕುಗ್ಗಿಸುವುದರಿಂದ ಸೊಪ್ಪು ಬಿಡಿ ಎಂದು ನಾವು ವೈದ್ಯರು ಹೇಳುತ್ತಿದ್ದೆವು, ಆದರೆ ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಕ್ಕರಕಿ ಇಲ್ಲದೆ ನಮ್ಮ ಜನ ಊಟ ಮಾಡುವುದಿಲ್ಲ. ಬಿಡಬೇಡ, ದಿನಾ ಒಂದೇ ಹಿಡಿ ತಿನ್ನು ಎಂದೆ. ಐಎನ್‌ಆರ್ ಸಿಕ್ಕಾಪಟ್ಟೆ ಏರಿಳಿಯುವುದು ನಿಂತಿತು. ಅಂದಿನಿಂದ ಎಲ್ಲರಿಗೂ ಹಾಗೆಯೇ ಹೇಳುತ್ತೇನೆ.

ವರ್ಷ ಕಳೆದ ಮೇಲೆ ಮೊದಲ ಬಸಿರು, ಸಹಜ ಹೆರಿಗೆಯಾಯಿತು. ಎರಡನೆಯ ಬಸಿರಿನಲ್ಲಿ ಎಕೋ ಮಾಡಿದಾಗ, ವಾಲ್ವಿನ ಎರಡು ಬದಿಯ ಒತ್ತಡದ ವ್ಯತ್ಯಾಸ ಹೇಳುವ ಸರಾಸರಿ ಗ್ರೇಡಿಯಂಟ್ ಐದರಿಂದ ಒಂಬತ್ತಕ್ಕೆ ಏರಿದ್ದು ಕಂಡು, ವಾಲ್ವ್ ಕೆಟ್ಟಿತೆಂದೇ ಕೆಲವರು ಹೆದರಿದರು. ಬಸಿರಿನಲ್ಲಿ ರಕ್ತದ ಹರಿವೂ ಬಡಿತವೂ ಹೆಚ್ಚುವುದರಿಂದ ಗ್ರೇಡಿಯಂಟ್ ಏರುವುದು ಸಹಜ; ಎಲೆಗಳು ತೆಳ್ಳಗಿದ್ದು ಚೆನ್ನಾಗಿ ತೆರೆಯುತ್ತಿದ್ದವು. ಹೆರಿಗೆಯಾಗಿ ಮೂರು ತಿಂಗಳಿಗೆ ನೋಡಿದರೆ ಮತ್ತೆ ಐದರ ಆಸುಪಾಸಿಗೆ ಬಂದಿತ್ತು. ಟ್ಯುಬೆಕ್ಟಮಿಯನ್ನೂ ಆಗಲೇ ಮಾಡಿಸಿದೆವು.

ಏಳನೆಯ ವರ್ಷದಿಂದ ಎಲೆಗಳು ದಪ್ಪಗಾಗತೊಡಗಿದವು. ಟಿಶ್ಯೂ ವಾಲ್ವ್ ಹೀಗೆ ಮೆಲ್ಲಗೆ, ಮುನ್ಸೂಚನೆ ಕೊಟ್ಟು ಕೆಡುತ್ತದೆ. ಆ ಬಾಗಲಕೋಟೆಯ ಹುಡುಗಿಯ ವಾಲ್ವಿನಂತೆ ನಾಲ್ಕು ದಿನದಲ್ಲಿ ಕಟ್ಟಿಕೊಳ್ಳುವುದು ಅಪರೂಪ. ಹಾಗಾಗಿ ಎರಡನೆಯ ಆಪರೇಷನ್ನನ್ನು, ಉಬ್ಬಸ ಜೋರಾಗುವ ಮೊದಲೇ, ಹಗಲು ಹೊತ್ತಿನಲ್ಲಿ ನಿಧಾನವಾಗಿ ಮಾಡಲು ಸಾಧ್ಯವಾಯಿತು. ಮೊದಲ ಆಪರೇಷನ್ನಿನಿಂದ ಎದೆಯೆಲುಬಿನ ಕೆಳಗೆ ಆಗುವ ಅಂಟು ನಾನೇ ನಿರೀಕ್ಷಿಸಿದ್ದಕ್ಕಿಂತ ಕಡಿಮೆಯಿತ್ತು. ಮೊದಲ ಸಲ ಎದೆ ಮುಚ್ಚುವಾಗ ಅದಕ್ಕೆಂದೇ ನಾನು ಮಾಡಿದ್ದ ಒಂದು ಏರ್ಪಾಡನ್ನು ಇಲ್ಲಿ ಬರೆಯುವುದಿಲ್ಲ, ಥಿಯೇಟರಿಗೆ ಬಂದವರಿಗೆ ತೋರಿಸುತ್ತೇನೆ.

ಈಗ ಆಕೆಗೆ ಐಎನ್‌ಆರ್ ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕು. ಕಳೆದ ವಾರ ಎರಡು ಪಾಯಿಂಟ್ ಎಂಟು ಇತ್ತು. ಮನೆಗೆ ಕಳಿಸುವ ದಿನ ಗಂಡನನ್ನು ಹತ್ತಿರ ಕೂಡಿಸಿಕೊಂಡು ಆ ಟಕ್ ಟಕ್ ಸಪ್ಪಳ ಕೇಳಿಸಿದೆ. ದಿನಾ ಮಲಗುವಾಗ ಕೇಳಬೇಕು, ಮಂದವಾದರೆ ಬೆಳಗಾಗುವವರೆಗೆ ಕಾಯದೆ ಅದೇ ರಾತ್ರಿ ಕರೆತರಬೇಕು ಎಂದು ಹೇಳಿ, ನನ್ನ ನಂಬರನ್ನು ಐಎನ್‌ಆರ್ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಟ್ಟೆ.